‘ವಿಕಟಕವಿ’ಯಿಂದ ಆದ ತಪ್ಪು: ನಿರ್ಬಂಧಕ ಕಿಣ್ವಗಳ ಪಾಠ

ಹೊಸಪೇಟೆಯಲ್ಲಿ ದ್ವಿತೀಯ ಪಿಯುಸಿ ತರಗತಿಗೆ ನಿರ್ಬಂಧಕ ಕಿಣ್ವಗಳ ಪಾಠ ಮಾಡುವಾಗ, ಪ್ಯಾಲಿಂಡ್ರೋಮ್ ಎಂದರೇನೆಂದು ತಿಳಿಸಲು ‘ವಿಕಟಕವಿ’ ಪದವನ್ನು ಬಳಸಿದೆ. ಅಂಥದೇ ಡಿಎನ್‌ಎ ಸರಣಿ ಬರೆಯಲು ಹೇಳಿದಾಗ ಹಲವರು GATTAG ಎಂದು ಬರೆದರು. ತಪ್ಪು ನನ್ನ ಉದಾಹರಣೆಯದು. ಪದಕ್ಕೆ ಒಂದೇ ಸಾಲು. ಡಿಎನ್‌ಎಗೆ ಎರಡು ಎಳೆ.

ಮರುದಿನ ಪ್ರಯೋಗಾಲಯದಲ್ಲಿ ಕಾಗದದ ಪಟ್ಟಿಗಳನ್ನು ಕೊಟ್ಟು, ಇ. ಕೋಲೈ ಬ್ಯಾಕ್ಟೀರಿಯಾದ EcoRI ಕಿಣ್ವ ಗುರುತಿಸುವ ಸರಣಿಯನ್ನು ಬರೆಸಿದೆ:

```
5'-GAATTC-3'
3'-CTTAAG-5'
```

ಎರಡೂ ಎಳೆಗಳನ್ನು 5' ತುದಿಯಿಂದ ಓದಿದರೆ GAATTC ಎಂದೇ ಬರುತ್ತದೆ. GATTAG ಎದುರಿನ ಎಳೆಯನ್ನು ಹಾಗೆ ಓದಿದರೆ CTAATC ಬರುತ್ತದೆ. ವ್ಯತ್ಯಾಸ ಮಕ್ಕಳಿಗೆ ತಾನಾಗಿಯೇ ಹೊಳೆಯಿತು.

ಆಮೇಲೆ ಪ್ರತಿ ಎಳೆಯಲ್ಲೂ G ಮತ್ತು A ನಡುವೆ ಕತ್ತರಿಸಿದರು. ತುದಿ ನೇರವಾಗಿ ಬರದೆ, AATT ಎಂಬ ನಾಲ್ಕು ಅಕ್ಷರಗಳು ಹೊರಚಾಚಿದವು. ಇದೇ ಅಂಟು ತುದಿ. ಹಾಗೆಯೇ ಕತ್ತರಿಸಿದ ಬೇರೆ ಬಣ್ಣದ ಜೀನ್ ಪಟ್ಟಿ ಪ್ಲಾಸ್ಮಿಡ್ ಪಟ್ಟಿಗೆ ಸರಿಯಾಗಿ ಕೂಡಿತು. ಲೈಗೇಸ್ ಕಿಣ್ವದ ಬದಲು ಗೋಂದು ಹಚ್ಚಿದೆವು.

ಒಬ್ಬ ವಿದ್ಯಾರ್ಥಿನಿ ಜೀನ್ ಸೇರಿಸದೆ ಪ್ಲಾಸ್ಮಿಡ್‌ನ ಎರಡು ತುದಿಗಳನ್ನೇ ಕೂಡಿಸಿ, “ಹೀಗೂ ಆಗಬಹುದಲ್ಲ, ಸರ್?” ಎಂದಳು. ಆಗುತ್ತದೆ. ಜೀನ್ ಸೇರಿದ ಪ್ಲಾಸ್ಮಿಡ್ಡನ್ನು ಬೇರ್ಪಡಿಸಿ ಗುರುತಿಸಬೇಕಾಗುವುದು ಅದಕ್ಕೇ. ಮುಂದಿನ ಪಾಠವನ್ನು ಆ ಪ್ರಶ್ನೆಯಿಂದಲೇ ಆರಂಭಿಸಿದೆ.