ಫೋಟೋ ಯಾರ ಖಾತೆಗೆ ಹೋಯಿತು?

ಉದ್ಯಮಬಾಗದಲ್ಲಿ ಲೇಥ್ ಕೆಲಸ ಮಾಡುವ ತಮ್ಮನೊಬ್ಬ ನಮ್ಮ ಕಲಿಕೆ ಕೇಂದ್ರಕ್ಕೆ ಬಂದ. ಅವನ ಫೋನಿನಲ್ಲಿ ಎರಡು ಖಾತೆ. ಒಂದು ಅವನದು. ಇನ್ನೊಂದು ಕಾರ್ಖಾನೆಯದು, ಡ್ರಾಯಿಂಗ್ ನೋಡಲು ಹಾಕಿದ್ದು.

"ಮಗಳ ತೊಟ್ಟಲದ ಫೋಟೋ ಮಾಲಕರ ಕಂಪ್ಯೂಟರನ್ಯಾಗ ಕಾಣಾಕತ್ತಾವ್ರಿ. ನಾ ಕಳಿಸೇ ಇಲ್ಲ!" ಎಂದ.

ನಾವು ಅವನ ಫೋನಿನಲ್ಲಿ Photos ತೆರೆದೆವು. ಮೇಲೆ ಬಲಕ್ಕಿದ್ದ ದುಂಡು ಚಿತ್ರ ಒತ್ತಿದೆವು. Photos settings, ಅದರೊಳಗೆ Backup. ನೋಡಿದರೆ ಅಲ್ಲಿ ಕಾರ್ಖಾನೆಯ ಖಾತೆ ಇತ್ತು! ಫೋಟೋಗಳೆಲ್ಲ ಅಲ್ಲಿ ಆರಿಸಿದ ಒಂದೇ ಖಾತೆಗೆ ಹೋಗುತ್ತವೆ. ಇದು ತೊಟ್ಟಿಲು, ಇದು ಡ್ರಾಯಿಂಗ್ ಎಂದು ಫೋನು ಬೇರೆ ಮಾಡುವುದಿಲ್ಲ.

ಅಲ್ಲೇ ಅವನ ಖಾತೆ ಆರಿಸಿದೆವು. ಹೊಸ ಫೋಟೋ ಇನ್ನು ಅದಕ್ಕೆ ಹೋಗುತ್ತವೆ. ಫೋನಿನಲ್ಲಿ ಉಳಿದ ಹಳೆಯವೂ ಹೋಗುತ್ತವೆ. ಆದರೆ ಕಾರ್ಖಾನೆ ಖಾತೆಗೆ ಹೋದವು ಅಲ್ಲೇ ಇರುತ್ತವೆ. ಆ ಖಾತೆಯನ್ನು ಫೋನಿನಿಂದ ತೆಗೆದರೂ ಅಳಿಯವು.

"ಈಗಲೇ ಅಳಸ್ತೀನ್ರಿ" ಎಂದು ಅವ ಬೆರಳು ಇಟ್ಟ. ನಾವು ತಡೆದೆವು. ಹಾಗೆ ಅಳಿಸಿದರೆ ಫೋನಿನಲ್ಲಿದ್ದದ್ದೂ ಹೋದೀತು. ಮೊದಲು ಸ್ವಂತ ಖಾತೆ ತೆರೆದು, ತೊಟ್ಟಿಲ ಫೋಟೋ ಬಂದಿದೆಯೇ ನೋಡಬೇಕು. ಆಮೇಲೆ ಅಳಿಸಬೇಕು.

ಇನ್ನೊಂದು ಮಾತು. ಈಗ ಡ್ರಾಯಿಂಗ್ ಫೋಟೋಗಳೂ ಅವನ ಖಾತೆಗೇ ಬರುತ್ತವೆ. ಅವನ್ನು ಮಾಲಕರಿಗೆ ಅವನೇ ಕಳಿಸಬೇಕು.