ತಾಳೆಯಾದ ಎರಡು ಅಂಕಿಗಳು

ಬೆಂಗಳೂರಿನ ಹೊರವಲಯದಲ್ಲಿ, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದ್ದ ಈರುಳ್ಳಿ ಒಣಗಿಸುವ ಕಾರ್ಖಾನೆಯೊಂದಕ್ಕೆ ಗಾಳಿಯ ಅಳತೆಗೆಂದು ನಾನು ಹೋದದ್ದು ಹಲವು ವರ್ಷಗಳ ಹಿಂದಿನ ಮಾತು. ಗೇಟಿನಿಂದಲೇ ಕಣ್ಣಲ್ಲಿ ನೀರು ತರಿಸುತ್ತಿದ್ದ ಆ ಸ್ಥಳದಲ್ಲಿ ಹೊಸದಾಗಿ ಕೂರಿಸಿದ್ದ ಒಣಗುಯಂತ್ರವು ನಕ್ಷೆಯಲ್ಲಿ ಹೇಳಿದ ವೇಳೆಗೆ ಸರಕನ್ನು ಒಣಗಿಸುತ್ತಿರಲಿಲ್ಲ. ಬ್ಲೋಯರ್ ಸಾಕಷ್ಟು ಗಾಳಿ ಕೊಡುತ್ತಿಲ್ಲವೆಂದು ಕಾರ್ಖಾನೆಯವರು ಅದನ್ನು ಮಾರಿದವರ ಬಾಕಿ ಹಣವನ್ನು ತಡೆಹಿಡಿದಿದ್ದರು. ಕರಾರಿನಂತೆ ಹೀಟರನ್ನು ದಾಟಿದ ಮೇಲೆ, 70 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಸೆಕೆಂಡಿಗೆ 3.4 ಘನ ಮೀಟರ್ ಗಾಳಿ ಹರಿಯಬೇಕಾಗಿದ್ದಿತು. ಅದು ಹರಿಯುತ್ತಿದೆಯೋ ಇಲ್ಲವೋ ಎಂಬುದನ್ನು ಹೇಳುವುದಷ್ಟೇ ನನ್ನ ಕೆಲಸ.

ಬಿಸಿಗಾಳಿಯ ಡಕ್ಟಿಗೆ ಪಿಟೋ ನಳಿಗೆಯನ್ನೇ ಆರಿಸಿಕೊಂಡೆ. 1732ರಲ್ಲಿ ಆನ್ರಿ ಪಿಟೋ ಎಂಬ ಫ್ರೆಂಚ್ ಇಂಜಿನಿಯರನು ಸೇನ್ ನದಿಯ ಹರಿವನ್ನು ಅಳೆಯಲು ನೀರಿನಲ್ಲಿ ಇಳಿಬಿಟ್ಟ ಗಾಜಿನ ಕೊಳವೆಯ ಸಂತತಿಯಿದು. ಕೊಳವೆಯೊಳಗೊಂದು ಕೊಳವೆ, ಗಾಳಿಗೆ ಎದುರಾದ ಮೂತಿಯ ರಂಧ್ರವು ಪೂರ್ಣ ಒತ್ತಡವನ್ನೂ ಪಕ್ಕದ ಸಣ್ಣ ರಂಧ್ರಗಳು ಸ್ಥಿರ ಒತ್ತಡವನ್ನೂ ಹಿಡಿಯುತ್ತವೆ, ಇವೆರಡರ ಅಂತರವೇ ವೇಗದಿಂದ ಹುಟ್ಟಿದ ಒತ್ತಡ. ಆದುದರಿಂದ ಪಿಟೋ ನಳಿಗೆಯು ವೇಗವನ್ನು ಅಳೆಯುವುದಿಲ್ಲ, ಒತ್ತಡವನ್ನು ಅಳೆಯುತ್ತದೆ. ಒತ್ತಡದಿಂದ ವೇಗಕ್ಕೆ ಹೋಗುವ ದಾರಿಯಲ್ಲಿ ಗಾಳಿಯ ಸಾಂದ್ರತೆಯೆಂಬ ಸುಂಕದ ಕಟ್ಟೆಯೊಂದಿದೆ. ಅದನ್ನು ನಾನು ತಿಳಿಯದವನೇನಲ್ಲ. ಆದರೂ ಅಂದು ಸುಂಕ ಕಟ್ಟದೆ ನುಸುಳಿದೆ.

ಡಕ್ಟು ದುಂಡಗಿದ್ದು 600 ಮಿಲಿಮೀಟರ್ ವ್ಯಾಸದ್ದಾಗಿದ್ದಿತು. ತಿರುವಿನ ಅನಂತರ ಏಳೂವರೆ ವ್ಯಾಸದಷ್ಟು, ಎಂದರೆ ನಾಲ್ಕೂವರೆ ಮೀಟರ್, ನೇರವಾದ ಭಾಗ ದೊರೆತರೆ ಒಳ್ಳೆಯದು. ಅಲ್ಲಿ ಸಿಕ್ಕಿದ್ದು ಮೂರೇ ಮೀಟರ್. ಒಂದಕ್ಕೊಂದು ಲಂಬವಾಗಿ ಎರಡು ರಂಧ್ರ ಕೊರೆಸಿ, ನಳಿಗೆಯ ಮೇಲೆ ಟೇಪು ಸುತ್ತಿ, ಒಳಗೋಡೆಯಿಂದ 19, 81, 193, 407, 519, 581 ಮಿಲಿಮೀಟರುಗಳಿಗೆ ಗುರುತು ಹಾಕಿದೆ. ಈ ಅಂತರಗಳು ಸಮನಾಗಿಲ್ಲವೇಕೆಂದು ಸಹಾಯಕ್ಕೆ ನಿಂತ ಹುಡುಗ ಕೇಳಿದ. ಗೋಡೆಯ ಬಳಿ ಗಾಳಿಯು ಘರ್ಷಣೆಯಿಂದ ಸೋತು ವೇಗವು ಬೇಗಬೇಗನೆ ಇಳಿಯುತ್ತದೆ, ಅಲ್ಲದೆ ದುಂಡು ಡಕ್ಟಿನ ವಿಸ್ತೀರ್ಣದ ಹೆಚ್ಚು ಪಾಲು ಇರುವುದೂ ಹೊರ ಅಂಚಿನಲ್ಲಿಯೇ; ಆದ್ದರಿಂದ ಬಿಂದುಗಳನ್ನು ಅಂಚಿನತ್ತ ಒತ್ತೊತ್ತಾಗಿ ಇಟ್ಟರೆ, ಆರೂ ವೇಗಗಳ ಸಾದಾ ಸರಾಸರಿಯೇ ಇಡೀ ಡಕ್ಟಿನ ಸರಾಸರಿಗೆ ಬಲು ಸಮೀಪವಾಗುತ್ತದೆ. ನಟ್ಟನಡುವೆ ಒಂದೇ ಸಲ ಅಳೆದು ಮುಗಿಸುವವರನ್ನು ನಾನು ಬಹಳ ನೋಡಿದ್ದೇನೆ. ಅವರಿಗೆ ಗಾಳಿ ಯಾವಾಗಲೂ ಧಾರಾಳವಾಗಿ ಕಾಣುತ್ತದೆ.

ಮೊದಲ ರಂಧ್ರದಲ್ಲಿ ಕ್ರಮವಾಗಿ 38, 52, 64, 78, 90, 82 ಪ್ಯಾಸ್ಕಲ್ ಬಂದವು. ಹಿಂದಿನ ತಿರುವಿನಿಂದಾಗಿ ಗಾಳಿ ಒಂದು ಪಕ್ಕಕ್ಕೆ ವಾಲಿದ್ದುದು ಅಂಕಿಗಳಲ್ಲಿಯೇ ಎದ್ದು ಕಾಣುತ್ತಿದ್ದಿತು. ಇಲ್ಲಿ ಒತ್ತಡಗಳನ್ನು ಕೂಡಿಸಿ ಸರಾಸರಿ ತೆಗೆಯಬಾರದು. ಒಂದೊಂದರ ವರ್ಗಮೂಲವನ್ನೂ ಬೇರೆಬೇರೆಯಾಗಿ ಕಂಡುಕೊಂಡು, ಅನಂತರ ಸರಾಸರಿ ಮಾಡಬೇಕು. ಹಾಗೆ ಮಾಡಿದಾಗ 8.12 ಬಂದಿತು, ಎರಡನೆಯ ರಂಧ್ರದಲ್ಲಿಯೂ ಹೆಚ್ಚುಕಡಿಮೆ ಅಷ್ಟೇ. ಅದನ್ನು ಕೈಪಿಡಿಯಲ್ಲಿದ್ದ 1.29ರಿಂದ ಗುಣಿಸಿ, ಸೆಕೆಂಡಿಗೆ 10.5 ಮೀಟರ್ ಎಂದು ಬರೆದುಕೊಂಡೆ. ಡಕ್ಟಿನ ವಿಸ್ತೀರ್ಣ 0.283 ಚದರ ಮೀಟರ್. ಹರಿವು ಹತ್ತಿರ ಹತ್ತಿರ 3 ಘನ ಮೀಟರ್. ಕರಾರಿಗಿಂತ ಶೇಕಡಾ 12 ಕಡಿಮೆ.

ಇನ್ನೊಂದು ಸಾಕ್ಷಿ ಇರಲೆಂದು, ಹೀಟರಿಗೂ ಬ್ಲೋಯರಿಗೂ ಮುಂಚೆ ತಂಪುಗಾಳಿ ಒಳಬರುವ ಅದೇ ವ್ಯಾಸದ ಡಕ್ಟಿನಲ್ಲಿ, ಹೆಬ್ಬೆರಳ ಗಾತ್ರದ ರೆಕ್ಕೆಚಕ್ರವುಳ್ಳ ಅನಿಮೋಮೀಟರನ್ನು ಅದೇ ಆರು ಆಳಗಳಿಗೆ ಇಳಿಸಿ ನೋಡಿದೆ. ಗಾಳಿಯು ಎಷ್ಟು ವೇಗದಲ್ಲಿ ಹೋಗುತ್ತದೆಯೋ ಹೆಚ್ಚುಕಡಿಮೆ ಅದಕ್ಕೆ ತಕ್ಕಂತೆಯೇ ತಿರುಗುವ ಈ ಚಕ್ರಕ್ಕೆ ಸಾಂದ್ರತೆಯ ಗೊಡವೆ ಇಲ್ಲವೆನ್ನುವಷ್ಟು ಕಡಿಮೆ. ಅದೂ 10.5 ಎಂದಿತು. ಎರಡು ಬೇರೆ ತತ್ತ್ವದ ಉಪಕರಣಗಳು ದಶಾಂಶದವರೆಗೆ ತಾಳೆಯಾದಾಗ ಅಳತೆಗಾರನಿಗಾಗುವ ಸಂತೋಷವನ್ನು ಪಟ್ಟು, ಬ್ಲೋಯರಿನಲ್ಲಿ ಕೊರತೆಯಿದೆಯೆಂದು ವರದಿಯ ಕರಡನ್ನು ಬರೆದೆನು.

ಆ ಕರಡನ್ನು ಓದಿದ ಕಾರ್ಖಾನೆಯ ತರುಣ ರಸಾಯನಶಾಸ್ತ್ರಜ್ಞೆ, “ಸಾರ್, ಹೀಟರಿಗೆ ಮುಂಚೆ 28 ಡಿಗ್ರಿ, ಆಮೇಲೆ 70. ಬಿಸಿಯಾದ ಗಾಳಿ ಹಿಗ್ಗಬೇಕಲ್ಲವೆ? ಅಷ್ಟೇ ಅಗಲದ ಡಕ್ಟಿನಲ್ಲಿ ವೇಗ ಅಷ್ಟೇ ಹೇಗಾಯಿತು?” ಎಂದರು. “ಎಲ್ಲೋ ಸೋರಿಕೆ ಇರಬೇಕಮ್ಮ” ಎಂದುಬಿಟ್ಟೆ. ಆ ಮಾತನ್ನು ಉಳಿಸಿಕೊಳ್ಳಲು ಅರ್ಧ ದಿನ ಊದುಬತ್ತಿ ಹಿಡಿದು ಫ್ಲಾಂಜು ಫ್ಲಾಂಜನ್ನೂ ಸುತ್ತಿದೆ. ಎಂಟನೆಯ ಒಂದು ಪಾಲು ಗಾಳಿ ಹೊರಬೀಳುತ್ತಿದ್ದರೆ ಊದುಬತ್ತಿಯೇ ಬೇಕಾಗಿರಲಿಲ್ಲ, ಕೈಗೇ ತಾಗುತ್ತಿದ್ದಿತು. ಹೊಗೆಯು ಎಲ್ಲಿಯೂ ಅಲುಗದೆ ನೆಟ್ಟಗೆ ಏರಿತು.

ತಪ್ಪಿದ್ದುದು ಆ 1.29ರಲ್ಲಿ. ವೇಗದ ಸೂತ್ರ `v = √(2p/ρ)`. ಘನ ಮೀಟರಿಗೆ 1.2 ಕಿಲೋಗ್ರಾಂ ತೂಗುವ, ಸಮುದ್ರಮಟ್ಟದ 20 ಡಿಗ್ರಿಯ ಗಾಳಿಗೆ ಮಾತ್ರ ಅದು `1.29√p` ಆಗಿ ಸರಳವಾಗುತ್ತದೆ. ನಮ್ಮ ಗಾಳಿ ಅದಲ್ಲ. ಸ್ಥಳದ ವಾಯುಭಾರವು 91,000 ಪ್ಯಾಸ್ಕಲ್ ಇದ್ದಿತು; `ρ = P/(287·T)` ಎಂಬುದರಲ್ಲಿ T ಎಂದರೆ 70ಕ್ಕೆ 273 ಕೂಡಿಸಿದ 343; ಸಾಂದ್ರತೆ 0.92. ಇಲ್ಲಿ ವಾಯುಭಾರವನ್ನು ಹವಾಮಾನ ವರ್ತಮಾನದಿಂದ ಎತ್ತಿಕೊಳ್ಳುವವರೂ ಎಡವುತ್ತಾರೆ, ಏಕೆಂದರೆ ಅಲ್ಲಿ ಸಾಮಾನ್ಯವಾಗಿ ಕೊಡುವುದು ಸಮುದ್ರಮಟ್ಟಕ್ಕೆ ಇಳಿಸಿ ಹೇಳಿದ ಅಂಕಿ. ನಾವು ನಿಂತ ನೆಲದ ಮೇಲಿನ ಒತ್ತಡವೇ ಬೇಕು. ಗಾಳಿಯಲ್ಲಿನ ತೇವವು ತರುವ ವ್ಯತ್ಯಾಸ ನೂರಕ್ಕೆ ಒಂದರಷ್ಟು, ಅದನ್ನು ಬಿಟ್ಟುಬಿಟ್ಟೆ. ಸರಿಪಡಿಸಿದಾಗ ವೇಗ 12 ಮೀಟರ್, ಹರಿವು 3.4 ಘನ ಮೀಟರ್. ಕರಾರು ಹೇಳಿದಷ್ಟೇ.

ತಂಪು ಕಡೆಯ 10.5 ಮಾತ್ರ ಸತ್ಯವೇ ಆಗಿದ್ದಿತು. ಅಲ್ಲಿಯ ಸಾಂದ್ರತೆ 1.05, ಎರಡೂ ಕಡೆ ವೇಗವನ್ನು ಸಾಂದ್ರತೆಯಿಂದ ಗುಣಿಸಿದರೆ ಒಂದೇ ಉತ್ತರ, ಎಂದರೆ ಎಲ್ಲಿಯೂ ಸೋರಿಕೆಯಿಲ್ಲ. ಹಾಗಾದರೆ ತಪ್ಪು ಅಂಕಿಯು ಸರಿಯಾದ ಅಂಕಿಯೊಡನೆ ತಾಳೆಯಾದದ್ದು ಹೇಗೆ? ಆ ರಾತ್ರಿ ಲೆಕ್ಕ ಹಾಕಿ ನೋಡಿದೆ: 1.05 ಎಂಬುದು 0.92 ಮತ್ತು 1.2ರ ಗುಣೋತ್ತರ ಮಾಧ್ಯವಾಗಿ ಬಂದು ಕುಳಿತಿದ್ದಿತು. ಶುದ್ಧ ಕಾಕತಾಳೀಯ. ಬೆಳಗ್ಗೆ ಹತ್ತು ಡಿಗ್ರಿ ಚಳಿಯಿದ್ದಿದ್ದರೆ ಎರಡು ಅಂಕಿಗಳು ಜಗಳವಾಡಿ ನನ್ನನ್ನು ಎಚ್ಚರಿಸುತ್ತಿದ್ದವು.

ಈ ತಪ್ಪಿಗೆ ಎರಡು ಮುಖ ಇರುವುದನ್ನು ಆಮೇಲೆ ಗಮನಿಸಿದೆ. 1.2 ಹಿಡಿದವನಿಗೆ ಗಾಳಿಯ ಗಾತ್ರವು ಇದ್ದುದಕ್ಕಿಂತ ಕಡಿಮೆ ಕಾಣುತ್ತದೆ. ಆದರೆ ಅದೇ 3 ಘನ ಮೀಟರನ್ನು 1.2ರಿಂದಲೇ ಗುಣಿಸಿ ತೂಕಕ್ಕೆ ತಿರುಗಿಸಿದರೆ, 3.14 ಕಿಲೋಗ್ರಾಂ ಇರುವಲ್ಲಿ ಸುಮಾರು 3.6 ಎಂದು ಹೆಚ್ಚು ಕಾಣುತ್ತದೆ. ಬ್ಲೋಯರ್ ಮಾರಿದವನ ಜೊತೆ ಮಾತು ಗಾತ್ರದಲ್ಲಿ. ಈರುಳ್ಳಿಗೆ ಶಾಖ ಮುಟ್ಟುವುದು ಮಾತ್ರ ತೂಕದಲ್ಲಿ.

ಒಣಗದಿರುವುದಕ್ಕೆ ಕಾರಣವೂ ಅಲ್ಲಿಯೇ ಸಿಕ್ಕಿತು. ನಕ್ಷೆ ಬರೆದವರು ಸಮುದ್ರಮಟ್ಟದ ವಾಯುಭಾರವನ್ನು ಹಿಡಿದು, 70 ಡಿಗ್ರಿಯ ಗಾಳಿಗೆ 1.03 ಸಾಂದ್ರತೆಯೆಂದು ಲೆಕ್ಕ ಹಾಕಿ, ಸೆಕೆಂಡಿಗೆ ಮೂರೂವರೆ ಕಿಲೋಗ್ರಾಂ ಗಾಳಿ ನಿರೀಕ್ಷಿಸಿದ್ದರು. ಬ್ಲೋಯರ್ ತಾನು ಒಪ್ಪಿದ ಗಾತ್ರವನ್ನು ತಪ್ಪದೆ ಕೊಡುತ್ತಿದ್ದಿತು. ಪ್ರಸ್ಥಭೂಮಿಯ ಹಗುರ ಗಾಳಿಯಲ್ಲಿ ಆ ಗಾತ್ರವು ನೂರಕ್ಕೆ ಹತ್ತರಷ್ಟು ಕಡಿಮೆ ತೂಗುತ್ತಿದ್ದಿತು. ಪುಲ್ಲಿ ಬದಲಿಸಿ ವೇಗ ಹೆಚ್ಚಿಸೋಣವೆಂದರೆ, ಬ್ಲೋಯರಿನ ಶಕ್ತಿಯು ವೇಗದ ಘನಕ್ಕೆ ಅನುಗುಣವಾಗಿ ಏರುವುದರಿಂದ, ಸುಮಾರು ಶೇಕಡಾ 40 ಹೆಚ್ಚು ಹೊರೆ ಬೀಳುತ್ತಿದ್ದಿತು. ಇದ್ದ ಮೋಟಾರು ಅದಕ್ಕೆ ಬಗ್ಗುವಂತಿರಲಿಲ್ಲ. ಕಾರ್ಖಾನೆಯವರು ಮಾರಿದವರ ಬಾಕಿ ತೀರಿಸಿ, ಒಣಗಿಸುವ ಅವಧಿಯನ್ನು ಒಂದಿಷ್ಟು ಹೆಚ್ಚಿಸಿಕೊಂಡರು. ನಾನು ಹೊಸ ವರದಿಯನ್ನು ಆ ರಸಾಯನಶಾಸ್ತ್ರಜ್ಞೆಯ ಕೈಗೇ ಕೊಟ್ಟು ಬಂದೆ. ಮೊದಲ ಕರಡನ್ನು ಅವರು ಹಿಂದಿರುಗಿಸಲಿಲ್ಲ.