ವೈಯಕ್ತಿಕ ಖಾತೆ ವೃತ್ತಿಪರ ಖಾತೆಯಾದಾಗ

ಇನ್‌ಸ್ಟಾಗ್ರಾಮ್‌ನ ವೃತ್ತಿಪರ ಖಾತೆಯಲ್ಲಿ ಎರಡು ಬಗೆ: ಕ್ರಿಯೇಟರ್ ಮತ್ತು ಬಿಸಿನೆಸ್. ಎರಡಕ್ಕೂ ಹಣ ಕೊಡಬೇಕಿಲ್ಲ. ಸೆಟ್ಟಿಂಗ್ಸ್‌ನಲ್ಲಿ Switch to professional account ಒತ್ತಿ, ತಮ್ಮ ಕೆಲಸಕ್ಕೆ ಹೊಂದುವ ವರ್ಗವನ್ನು ಆರಿಸಿಕೊಂಡರೆ ಸಾಕು. ಆದರೆ ವೃತ್ತಿಪರ ಖಾತೆ ಖಾಸಗಿಯಾಗಿ ಉಳಿಯುವುದಿಲ್ಲ. ಅದುವರೆಗೆ ಪರಿಚಿತರಿಗಷ್ಟೇ ಕಾಣುತ್ತಿದ್ದ ಫೋಟೊಗಳು ಎಲ್ಲರಿಗೂ ತೆರೆದುಕೊಳ್ಳುತ್ತವೆ. ಬಾಕಿ ಇದ್ದ ಫಾಲೋ ಕೋರಿಕೆಗಳಿಗೂ ತಾನಾಗಿಯೇ ಒಪ್ಪಿಗೆ ಸಿಗುತ್ತದೆ. ಮನೆಮಕ್ಕಳ ಚಿತ್ರಗಳಿರುವ ಖಾತೆಯನ್ನು ಹಾಗೇ ಬಿಟ್ಟು, ವ್ಯಾಪಾರಕ್ಕೆ ಬೇರೆ ಖಾತೆ ತೆರೆಯುವುದೇ ಒಳ್ಳೆಯದು.

ಇನ್‌ಸೈಟ್ಸ್ ಎಂಬ ಅಂಕಿಅಂಶಗಳು ಬದಲಾವಣೆಯ ನಂತರದ ಪೋಸ್ಟ್‌ಗಳಿಗೆ ಮಾತ್ರ ದೊರೆಯುತ್ತವೆ. ಹಾಗಾಗಿ ಮಾರಾಟದ ಹಂಗಾಮು ಶುರುವಾಗುವ ಮೊದಲೇ ಬದಲಾಯಿಸಬೇಕು. ಈ ಲೇಖಕಿಯ ಮನೆಯವರು ಅಪ್ಪೆಮಿಡಿ ಉಪ್ಪಿನಕಾಯಿ ಮಾರುವ ಖಾತೆಯಲ್ಲಿ ಈ ಅಂಕಿಅಂಶಗಳ ಉಪಯೋಗ ಚೆನ್ನಾಗಿ ಕಂಡಿತು. ಮಿಡಿ ಕೊಯ್ಯುವ ರೀಲ್ಸ್‌ಗೆ ಲೈಕ್ ಹೆಚ್ಚು. ಆದರೆ ಅದನ್ನು ನೋಡಿದವರಲ್ಲಿ ಬಹುಪಾಲು ಜನ ಫಾಲೋ ಮಾಡದವರು, ನೋಡಿ ಮುಂದೆ ಹೋದವರು. ಬೆಲೆಪಟ್ಟಿಯ ಸಾದಾ ಫೋಟೊಗೆ ಲೈಕ್ ಕಡಿಮೆ, ಸೇವ್ ಮತ್ತು ಶೇರ್ ಹೆಚ್ಚು. ಆರ್ಡರ್ ಬಂದದ್ದು ಈ ಫೋಟೊದಿಂದಲೇ. ಮಾರುವವರು ಲೈಕ್ ಬಿಟ್ಟು ಸೇವ್, ಶೇರ್‌ಗಳನ್ನು ಗಮನಿಸಬೇಕು ಎಂಬುದು ಅಲ್ಲಿಂದ ಸ್ಪಷ್ಟವಾಯಿತು. ಫಾಲೋ ಮಾಡುವವರ ಊರು, ವಯಸ್ಸಿನ ವಿವರ ಸಿಗಲು ಕನಿಷ್ಠ 100 ಫಾಲೋವರ್ಸ್ ಬೇಕು. ಆ ಊರುಗಳ ಪಟ್ಟಿಯಲ್ಲಿ ಬೆಂಗಳೂರು ಮೊದಲಿದ್ದುದರಿಂದ ಅಲ್ಲಿನ ಪಾರ್ಸೆಲ್‌ಗಳನ್ನು ವಾರಕ್ಕೊಮ್ಮೆ ಒಟ್ಟಿಗೆ ಕಳಿಸುವ ಏರ್ಪಾಡಾಯಿತು.

ಪ್ರೊಫೈಲ್‌ನಲ್ಲಿ ಕರೆ, ಇಮೇಲ್, ವಿಳಾಸದ ಬಟನ್‌ಗಳನ್ನು ಹಾಕಬಹುದು. ಕೊಟ್ಟ ನಂಬರು ಎಲ್ಲರಿಗೂ ಕಾಣುತ್ತದೆ. ಉಪ್ಪಿನಕಾಯಿ ಕೇಳುವವರ ಜೊತೆಗೆ ಸಾಲ ಕೊಡುತ್ತೇವೆ, ಫಾಲೋವರ್ಸ್ ಹೆಚ್ಚಿಸುತ್ತೇವೆ ಎನ್ನುವವರೂ ಹೊತ್ತುಗೊತ್ತಿಲ್ಲದೆ ಕರೆ ಮಾಡುತ್ತಾರೆ. ವ್ಯಾಪಾರಕ್ಕೆಂದೇ ಬೇರೆ ಸಿಮ್ ಇಟ್ಟುಕೊಳ್ಳುವುದು, ಅಂಗಡಿ ಇಲ್ಲದಿದ್ದರೆ ಮನೆಯ ವಿಳಾಸ ಹಾಕದಿರುವುದು ಕ್ಷೇಮ. ಪ್ರೊಫೈಲ್ ತಿದ್ದುವಲ್ಲಿ ಸಂಪರ್ಕದ ವಿವರವನ್ನು ಮರೆಮಾಡುವ ಆಯ್ಕೆಯೂ ಇದೆ. ಮಾಲು ಮುಗಿದ ತಿಂಗಳುಗಳಲ್ಲಿ ಅದು ಅನುಕೂಲ.

ಎರಡು ಬಗೆಗಳ ನಡುವೆ ಬೇಗ ಅರಿವಿಗೆ ಬರುವ ವ್ಯತ್ಯಾಸ ಸಂಗೀತದ್ದು. ಬಿಸಿನೆಸ್ ಖಾತೆಯಲ್ಲಿ ಸಿನಿಮಾ ಹಾಡುಗಳು ಸಾಮಾನ್ಯವಾಗಿ ಸಿಗುವುದಿಲ್ಲ. ವಾಣಿಜ್ಯ ಬಳಕೆಗೆ ಅನುಮತಿಯಿರುವ ಸಂಗೀತವಷ್ಟೇ ಕಾಣುತ್ತದೆ. ಹುಡುಕಿದ ಹಾಡು ಪಟ್ಟಿಯಲ್ಲಿ ಇಲ್ಲದಿದ್ದರೆ ಆ್ಯಪ್ ಕೆಟ್ಟಿದೆ ಎಂದುಕೊಳ್ಳಬೇಕಿಲ್ಲ, ಕಾರಣ ಬಹುತೇಕ ಇದೇ. ಹಾಡಿಗೆಂದು ಕ್ರಿಯೇಟರ್ ಬಗೆಗೆ ಹೋಗುವವರಿದ್ದಾರೆ. ಆದರೆ ಮಾಲು ಮಾರುವ ರೀಲ್ಸ್‌ಗೆ ಹಾಡು ಬಳಸಿದರೆ ಹಕ್ಕಿನ ತೊಡಕು ಅಲ್ಲೂ ತಪ್ಪದು. ಕುಟ್ಟುವ, ಹುರಿಯುವ ಸದ್ದನ್ನೇ ಉಳಿಸಿಕೊಂಡರೆ ಆ ಚಿಂತೆ ಇಲ್ಲ.

ಬೇಡವೆನಿಸಿದರೆ ವೈಯಕ್ತಿಕ ಖಾತೆಗೆ ಮರಳಬಹುದು. ಆಗ ಅದುವರೆಗಿನ ಇನ್‌ಸೈಟ್ಸ್ ಅಳಿಸಿಹೋಗುತ್ತದೆ. ಮರಳುವ ಮುನ್ನ ಬೇಕಾದ ಪುಟಗಳ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಬೇಕು.